ಐದು ಅಟ್ಟಿ ಉಳಿದಾಗ ಫೋನು: ಸಿಮೆಂಟ್ ಎಷ್ಟು ತರಿಸಬೇಕು, ಯಾವಾಗ ತರಿಸಬೇಕು

ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನಂಥ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ನೂರಾರು ಬಗೆಯ ಸಾಮಾನು ಇರುತ್ತದೆ. ಮೊಳೆ, ಬೈಂಡಿಂಗ್ ವೈರ್, ಹಿಪ್ಪುನೇರಳೆ ತೋಟಕ್ಕೆ ಬೇಕಾದ ಪಿವಿಸಿ ಪೈಪು, ಬೀಗ, ಬಣ್ಣ, ಎಲ್ಲವೂ. ಆದರೆ ದಿನ ಬೆಳಗಾದರೆ ಕೈಬದಲಾಗುವುದು, ಅಂಗಡಿಯವನ ದುಡ್ಡನ್ನು ಅತಿ ಹೆಚ್ಚು ಹಿಡಿದಿಟ್ಟುಕೊಳ್ಳುವುದು ಸಿಮೆಂಟ್ ಮೂಟೆ. ಮೂಟೆಯ ಮೇಲೆ ಸಿಗುವ ಲಾಭ ಕಡಿಮೆ. ಹಾಗಾಗಿ ತರಿಸುವುದರಲ್ಲಿ ಮತ್ತು ಇಟ್ಟುಕೊಳ್ಳುವುದರಲ್ಲಿ ಆಗುವ ಸಣ್ಣ ತಪ್ಪೂ ಆ ಲಾಭವನ್ನು ತಿಂದುಹಾಕುತ್ತದೆ.

ಅಂಗಡಿಯವನ ಮುಂದಿರುವುದು ಎರಡೇ ಪ್ರಶ್ನೆ. ಒಂದು ಸಲಕ್ಕೆ ಎಷ್ಟು ಮೂಟೆ ತರಿಸಬೇಕು? ಎಷ್ಟು ಮೂಟೆ ಉಳಿದಾಗ ಮುಂದಿನ ಲೋಡಿಗೆ ಹೇಳಬೇಕು? ಬಿ.ಕಾಂ. ಪುಸ್ತಕಗಳು ಮೊದಲನೆಯದನ್ನು ಮಿತವ್ಯಯದ ಆದೇಶ ಪ್ರಮಾಣ ಎನ್ನುತ್ತವೆ, ಎರಡನೆಯದನ್ನು ಮರು ಆದೇಶ ಮಟ್ಟ ಎನ್ನುತ್ತವೆ. ಎರಡಕ್ಕೂ ಬೇಕಾದ ಅಂಕಿಗಳು ಅಂಗಡಿಯ ನೋಟ್‌ಬುಕ್ಕಿನಲ್ಲೇ ಇರುತ್ತವೆ. ಲೆಕ್ಕಕ್ಕಾಗಿ ಹೊಂಗನೂರಿನಲ್ಲಿ ಒಂದು ಅಂಗಡಿಯನ್ನು ಊಹಿಸಿಕೊಳ್ಳೋಣ. ಮುಂದೆ ಬರುವ ಬೆಲೆ, ಬಾಡಿಗೆ, ಮಾರಾಟದ ಅಂಕಿಗಳೆಲ್ಲ ಆ ಅಂಗಡಿಯವು. ಓದುವವರು ಅಲ್ಲಿ ತಮ್ಮ ಅಂಕಿಗಳನ್ನು ಹಾಕಿಕೊಳ್ಳಬೇಕು.

ಮೊದಲು ಮಾರಾಟ. ಇಲ್ಲೇ ಬಹಳ ಮಂದಿ ಎಡವುತ್ತಾರೆ. ವರ್ಷದಲ್ಲಿ ಮಾರಿದ ಮೂಟೆಗಳನ್ನೆಲ್ಲ ಕೂಡಿ, ಅಂಗಡಿ ತೆರೆದ ದಿನಗಳಿಂದ ಭಾಗಿಸಿದರೆ ಒಂದು ಸರಾಸರಿ ಬರುತ್ತದೆ ನಿಜ. ಆದರೆ ಅದರಲ್ಲಿ ಎರಡು ಬೇರೆ ಬೇರೆ ವ್ಯಾಪಾರ ಬೆರೆತಿರುತ್ತದೆ. ಗಾರೆ ಕೆಲಸಕ್ಕೆ ಎರಡು ಮೂಟೆ, ತೊಟ್ಟಿ ರಿಪೇರಿಗೆ ಒಂದು, ಕಾಂಪೌಂಡಿಗೆ ಐದು ಎಂದು ಹೋಗುವುದು ಒಂದು ವ್ಯಾಪಾರ. ತಾರಸಿ ಮೋಲ್ಡಿಂಗ್ ಇನ್ನೊಂದು. 800 ಚದರಡಿ ತಾರಸಿಯನ್ನು 5 ಇಂಚು ದಪ್ಪಕ್ಕೆ ಹಾಕಿದರೆ ಸುಮಾರು 9.4 ಘನ ಮೀಟರ್ ಕಾಂಕ್ರೀಟು ಬೇಕು. ಒಂದು, ಒಂದೂವರೆ, ಮೂರರ ಮಿಶ್ರಣದಲ್ಲಿ ಘನ ಮೀಟರಿಗೆ ಹತ್ತಿರಹತ್ತಿರ 8 ಮೂಟೆ ಹಿಡಿಯುತ್ತದೆ. ಅಂದರೆ ಒಂದೇ ಬೆಳಗ್ಗೆ 75 ಮೂಟೆ.

ಈ 75 ಮೂಟೆಯನ್ನು ಅಂಗಡಿಯ ಸ್ಟಾಕಿನಿಂದ ಕೊಡಲು ಹೊರಟರೆ ಯಾವ ಸೂತ್ರವೂ ನಿಲ್ಲುವುದಿಲ್ಲ. ಕೊಡಬೇಕಾದ ಅಗತ್ಯವೂ ಇಲ್ಲ. ಮೋಲ್ಡಿಂಗ್ ರಾತ್ರೋರಾತ್ರಿ ನಿಶ್ಚಯವಾಗುವ ಕೆಲಸವಲ್ಲ. ಸೆಂಟ್ರಿಂಗ್ ಹೊಡೆಯಬೇಕು, ಕಂಬಿ ಕಟ್ಟಬೇಕು, ಕೂಲಿಯವರನ್ನು ಹೇಳಬೇಕು. ಮೇಸ್ತ್ರಿಗೆ ವಾರದ ಮುಂಚೆಯೇ ದಿನ ಗೊತ್ತಿರುತ್ತದೆ. "ಮೇಸ್ತ್ರಿ, ಸೆಂಟ್ರಿಂಗ್ ಶುರುವಾದ ದಿನವೇ ಒಂದು ಮಾತು ಹೇಳಿ" ಎಂದು ಅಂಗಡಿಯವನು ಹೇಳಿಟ್ಟರೆ ಸಾಕು. ಆ ಮೂಟೆಗಳು ಡೀಲರ್ ಗೋಡೌನಿನಿಂದ ನೇರ ಕೆಲಸದ ಜಾಗಕ್ಕೇ ಹೋಗುತ್ತವೆ, ಎರಡು ಸಲ ಇಳಿಸಿ ಏರಿಸುವ ಹಮಾಲಿಯೂ ಉಳಿಯುತ್ತದೆ. ಹಾಗಾಗಿ ಮೋಲ್ಡಿಂಗ್ ಮೂಟೆಗಳನ್ನು ಲೆಕ್ಕದಿಂದ ಹೊರಗಿಡಿ. ನಮ್ಮ ಅಂಗಡಿಯಲ್ಲಿ ಹಾಗೆ ಹೊರಗಿಟ್ಟ ಮೇಲೆ ಚಿಲ್ಲರೆ ಮಾರಾಟ ದಿನಕ್ಕೆ ಸರಾಸರಿ 8 ಮೂಟೆ. ವರ್ಷಕ್ಕೆ 300 ದಿನ ಅಂಗಡಿ ತೆರೆದರೆ 2,400 ಮೂಟೆ.

ಎರಡನೆಯದು, ಒಂದು ಸಲ ತರಿಸುವ ಖರ್ಚು. ಇಲ್ಲಿ ಹಾಕಬೇಕಾದ್ದು ಮೂಟೆ ಹೆಚ್ಚಾದರೂ ಕಡಿಮೆಯಾದರೂ ಬದಲಾಗದ ಖರ್ಚು ಮಾತ್ರ. ಚನ್ನಪಟ್ಟಣದ ಗೋಡೌನಿನಿಂದ 200 ಮೂಟೆ, ಅಂದರೆ 10 ಟನ್ ಹೊರುವ ಲಾರಿಯ ಬಾಡಿಗೆ 1,200 ರೂಪಾಯಿ ಎಂದುಕೊಳ್ಳೋಣ. ಲೋಡು ಬಂದಾಗ ಎಣಿಸಿ ಇಳಿಸಿಕೊಳ್ಳಲು ಹುಡುಗನ ಅರ್ಧ ದಿನ, ಫೋನು, ದುಡ್ಡು ಕಟ್ಟುವ ಓಡಾಟ ಸೇರಿ 150 ರೂಪಾಯಿ. ಒಟ್ಟು 1,350. ಹಮಾಲಿಯನ್ನು ಇದಕ್ಕೆ ಸೇರಿಸಬಾರದು. ಅದು ಮೂಟೆಗೆ ಇಷ್ಟು ಎಂದು ಕೊಡುವ ಕೂಲಿ. 2,400 ಮೂಟೆಯನ್ನು ನೀವು ಹತ್ತು ಸಲ ಇಳಿಸಿದರೂ ನಲವತ್ತು ಸಲ ಇಳಿಸಿದರೂ ವರ್ಷದ ಹಮಾಲಿ ಅಷ್ಟೇ.

ಮೂರನೆಯದು, ಒಂದು ಮೂಟೆಯನ್ನು ಒಂದು ವರ್ಷ ಇಟ್ಟುಕೊಂಡರೆ ಆಗುವ ಖರ್ಚು. ಯಾವ ಮೂಟೆಯೂ ವರ್ಷವಿಡೀ ಕೂರುವುದಿಲ್ಲ, ಕೂರಲೂಬಾರದು. ಆದರೆ ಒಂದು ಮೂಟೆ ಹೋದ ಜಾಗಕ್ಕೆ ಇನ್ನೊಂದು ಬರುವುದರಿಂದ ಆ ಜಾಗದಲ್ಲಿ ದುಡ್ಡು ಕೂತೇ ಇರುತ್ತದೆ. ಮೂಟೆ ಅಂಗಡಿಗೆ ಬೀಳುವ ಬೆಲೆ 350 ರೂಪಾಯಿ ಎನ್ನಿ. ನೂರಕ್ಕೆ ತಿಂಗಳಿಗೆ ಒಂದೂವರೆ ರೂಪಾಯಿ ಬಡ್ಡಿಯಂತೆ ವರ್ಷಕ್ಕೆ 63 ರೂಪಾಯಿ. ಹರಿದು ಸೋರುವುದು, ತೇವಕ್ಕೆ ಗಟ್ಟಿಯಾಗುವುದು ಸೇರಿ ನೂರಕ್ಕೆ ಐದರಂತೆ ಹಿಡಿದರೆ ಸುಮಾರು 17. ಜಾಗಕ್ಕೆ 10. ಒಟ್ಟು 90 ರೂಪಾಯಿ. "ದುಡ್ಡು ನಂದೇ, ಸಾಲ ತಂದಿಲ್ಲ, ಬಡ್ಡಿ ಯಾಕೆ ಹಾಕಲಿ?" ಎಂದು ಕೇಳುವವರಿದ್ದಾರೆ. ಆ ದುಡ್ಡಿದ್ದರೆ ಪೈಪೋ ಬಣ್ಣವೋ ತಂದು ಮಾರಬಹುದಿತ್ತು. ಸ್ವಂತ ದುಡ್ಡಿಗೂ ಬಡ್ಡಿ ಹಾಕಲೇಬೇಕು.

ಈಗ ಸೂತ್ರ. ಅಮೆರಿಕದ ಫೋರ್ಡ್ ಹ್ಯಾರಿಸ್ ಎಂಬ ಎಂಜಿನಿಯರ್ 1913ರಲ್ಲಿ 'ಫ್ಯಾಕ್ಟರಿ' ಎಂಬ ಮಾಸಪತ್ರಿಕೆಯಲ್ಲಿ ಬರೆದ ಲೆಕ್ಕ ಇದು. ಕಾರ್ಖಾನೆಯಲ್ಲಿ ಒಂದು ಬಿಡಿಭಾಗವನ್ನು ಒಂದು ಸಲಕ್ಕೆ ಎಷ್ಟು ತಯಾರಿಸಬೇಕು ಎಂಬುದು ಅವನ ಪ್ರಶ್ನೆಯಾಗಿತ್ತು. ಅದರ ಒಳಗಿನ ಮಾತು ಸರಳ. ಸ್ವಲ್ಪ ಸ್ವಲ್ಪ ತರಿಸಿದರೆ ಬಾಡಿಗೆ ಏರುತ್ತದೆ, ಒಟ್ಟಿಗೆ ತರಿಸಿದರೆ ಇಟ್ಟುಕೊಳ್ಳುವ ಖರ್ಚು ಏರುತ್ತದೆ. ವರ್ಷದ ಈ ಎರಡು ಖರ್ಚೂ ಒಂದಕ್ಕೊಂದು ಸಮ ಆಗುವ ಕಡೆ ಒಟ್ಟು ಖರ್ಚು ಅತಿ ಕಡಿಮೆ.

```
Q = √(2 × D × S ÷ H)
Q = √(2 × 2400 × 1350 ÷ 90) = √72000 ≈ 268
```

D ವರ್ಷದ ಮಾರಾಟ, S ಒಂದು ಸಲ ತರಿಸುವ ಖರ್ಚು, H ಒಂದು ಮೂಟೆಯನ್ನು ವರ್ಷ ಇಡುವ ಖರ್ಚು. ಮೊಬೈಲಿನ ಕ್ಯಾಲ್ಕ್ಯುಲೇಟರಿನಲ್ಲಿ ವರ್ಗಮೂಲದ ಗುಂಡಿ ಒತ್ತಿದರೆ 268 ಬರುತ್ತದೆ.

ಆದರೆ ಲಾರಿ ಹಿಡಿಯುವುದು 200. ಉಳಿದ 68ಕ್ಕೆ ಇನ್ನೊಂದು ಲಾರಿ ಬೇಕು, ಬಾಡಿಗೆ ಇಮ್ಮಡಿ. ಸೂತ್ರ ಹೇಳಿದ್ದನ್ನು ಹಾಗೇ ನಂಬಿದವರು ಕೈಸುಟ್ಟುಕೊಳ್ಳುವುದು ಇಲ್ಲಿ. ಬದಲಿಗೆ ವರ್ಷದ ಖರ್ಚನ್ನೇ ಹಾಕಿ ನೋಡಿ. 200ರಂತೆ ತರಿಸಿದರೆ ವರ್ಷಕ್ಕೆ 12 ಲೋಡು, ತರಿಸುವ ಖರ್ಚು 16,200. ಅಂಗಡಿಯಲ್ಲಿ ಸರಾಸರಿ ಅರ್ಧ ಲೋಡು, ಅಂದರೆ 100 ಮೂಟೆ ಇರುತ್ತದೆ, ಇಟ್ಟುಕೊಳ್ಳುವ ಖರ್ಚು 9,000. ಒಟ್ಟು 25,200. ಒಂದೇ ಲಾರಿಯಲ್ಲಿ 268 ಹಿಡಿದಿದ್ದರೂ ಒಟ್ಟು ಖರ್ಚು ಸುಮಾರು 24,150 ಆಗುತ್ತಿತ್ತು. ವರ್ಷಕ್ಕೆ ಸಾವಿರ ಚಿಲ್ಲರೆ ರೂಪಾಯಿ ವ್ಯತ್ಯಾಸ, ಅಷ್ಟೇ. 268ಕ್ಕೂ 200ಕ್ಕೂ ಕಾಲು ಭಾಗದಷ್ಟು ಅಂತರವಿದ್ದರೂ ಖರ್ಚಿನಲ್ಲಿ ಬದಲಾದದ್ದು ಅತ್ಯಲ್ಪ. ಈ ಲೆಕ್ಕದ ದೊಡ್ಡ ಗುಣವೇ ಅದು. ಉತ್ತರದ ಆಚೀಚೆ ಸ್ವಲ್ಪ ಸರಿದರೆ ಏನೂ ಆಗುವುದಿಲ್ಲ. ಆದ್ದರಿಂದ ಬಡ್ಡಿ ಒಂದೂವರೆಯೋ ಒಂದೂಮುಕ್ಕಾಲೋ ಎಂದು ತಲೆಕೆಡಿಸಿಕೊಳ್ಳದೆ ಅಂದಾಜು ಹಾಕಿ ಮುಂದೆ ಹೋಗಬಹುದು.

ತುಂಬ ದೂರ ಸರಿದರೆ ಮಾತ್ರ ಪೆಟ್ಟು ಬೀಳುತ್ತದೆ. ಕೈಯಲ್ಲಿ ದುಡ್ಡಿಲ್ಲವೆಂದು ಸಣ್ಣ ಗಾಡಿಯಲ್ಲಿ 60 ಮೂಟೆಯಂತೆ ತರಿಸುವ ಅಂಗಡಿಗಳಿವೆ. ಆ ಗಾಡಿಗೆ ಬಾಡಿಗೆ 700, ಇತರೆ 150. ವರ್ಷಕ್ಕೆ 40 ಸಲ ಎಂದರೆ 34,000. ಇಟ್ಟುಕೊಳ್ಳುವ ಖರ್ಚು 2,700 ಮಾತ್ರ, ಆದರೆ ಒಟ್ಟು 36,700. ತುಂಬಿದ ಲಾರಿಗಿಂತ 11,500 ಹೆಚ್ಚು. ಇತ್ತ ಎರಡು ಲಾರಿಯಂತೆ 400 ತರಿಸಿದವನ ಕತೆಯೂ ಅಂಥದ್ದೇ. ಪ್ರತಿ ಸಲ 2,400 ಬಾಡಿಗೆ, 150 ಇತರೆ, ವರ್ಷಕ್ಕೆ 6 ಸಲ, 15,300. ಇಟ್ಟುಕೊಳ್ಳುವುದಕ್ಕೆ 18,000. ಒಟ್ಟು 33,300. ಎರಡು ಲಾರಿ ಒಟ್ಟಿಗೆ ತರಿಸಿದ್ದರಿಂದ ಬಾಡಿಗೆಯಲ್ಲಿ ಅವನಿಗೆ ಒಂದು ಪೈಸೆಯೂ ಉಳಿಯಲಿಲ್ಲ. ನಮ್ಮ ಅಂಗಡಿಗೆ ಉತ್ತರ 200, ಒಂದು ತುಂಬಿದ ಲಾರಿ.

ಡೀಲರ್ "ಅಂಗಡಿ ಬಾಗಿಲಿಗೇ ತಂದು ಹಾಕ್ತೀವಿ, ಬಾಡಿಗೆ ದರದಲ್ಲೇ ಸೇರಿದೆ" ಎಂದರೆ ಇಡೀ ಲೆಕ್ಕ ಬದಲಾಗುತ್ತದೆ. ಆಗ ತರಿಸುವ ಖರ್ಚು 1,350 ಅಲ್ಲ, 150 ಮಾತ್ರ. ಸೂತ್ರಕ್ಕೆ ಹಾಕಿದರೆ ಉತ್ತರ 89 ಮೂಟೆ. ಅಂಥ ಕಡೆ 100 ಮೂಟೆಯಂತೆ ತರಿಸುವುದೇ ಜಾಣತನ. ಕನಿಷ್ಠ ಇಷ್ಟು ತಗೋಬೇಕು ಎಂಬ ಷರತ್ತು ಇದ್ದರೆ ಅಷ್ಟಕ್ಕೇ ನಿಲ್ಲಿಸಬೇಕು. ಬಾಡಿಗೆ ಯಾರದು ಎಂದು ಕೇಳದೆ ಈ ಲೆಕ್ಕಕ್ಕೆ ಕೂರಲೇಬಾರದು.

ಇನ್ನು ಸ್ಕೀಮಿನ ಮಾತು. "500 ಮೂಟೆ ಒಟ್ಟಿಗೆ ತಗೊಳ್ಳಿ ಅಣ್ಣಾ, ಮೂಟೆಗೆ 5 ರೂಪಾಯಿ ಕಮ್ಮಿ ಮಾಡ್ತೀವಿ" ಎಂದು ಸೇಲ್ಸ್‌ನವನು ಬಂದು ನಿಲ್ಲುತ್ತಾನೆ. ವರ್ಷಕ್ಕೆ 2,400 ಮೂಟೆಗೆ 12,000 ರೂಪಾಯಿ ಉಳಿತಾಯ, ಕೇಳಲು ಚೆನ್ನಾಗಿದೆ. ಆದರೆ ಅಂಗಡಿಯ ಸರಾಸರಿ ಸ್ಟಾಕು 100ರಿಂದ 250ಕ್ಕೆ ಏರುತ್ತದೆ. ಹೆಚ್ಚಾದ 150 ಮೂಟೆಗೆ 90ರಂತೆ 13,500. ಬಾಡಿಗೆಯಲ್ಲಿ ಉಳಿತಾಯವಿಲ್ಲ, ಲಾರಿ ಹಿಡಿಯುವುದು ಆಗಲೂ 200. ಅಂದರೆ ರಿಯಾಯಿತಿ ಪಡೆದೂ ನಷ್ಟ.

ಇದರ ಮೇಲೆ ಸೂತ್ರಕ್ಕೆ ಗೊತ್ತೇ ಇಲ್ಲದ ಒಂದು ಸಂಗತಿ ಇದೆ, ಸಿಮೆಂಟಿನ ವಯಸ್ಸು. ಮೂರು ತಿಂಗಳು ದಾಟಿದ ಸಿಮೆಂಟನ್ನು ಮತ್ತೆ ಪರೀಕ್ಷಿಸದೆ ಬಳಸಬಾರದು ಎಂಬುದು ಕಟ್ಟಡ ಕೆಲಸದಲ್ಲಿ ಪಾಲಿಸುವ ನಿಯಮ. 500 ಮೂಟೆ ದಿನಕ್ಕೆ 8ರಂತೆ ಹೋಗಲು 62 ವ್ಯಾಪಾರದ ದಿನ ಬೇಕು, ಕ್ಯಾಲೆಂಡರಿನಲ್ಲಿ ಎರಡೂವರೆ ತಿಂಗಳು. ವಯಸ್ಸು ಶುರುವಾಗುವುದು ನಿಮ್ಮ ಅಂಗಡಿಗೆ ಬಂದ ದಿನದಿಂದಲ್ಲ, ಮೂಟೆಯ ಮೇಲೆ ಅಚ್ಚಾದ ತಯಾರಿಕೆಯ ವಾರದಿಂದ. ಗೋಡೌನಿನಲ್ಲಿ ಮೂರು ವಾರ ಕೂತು ಬಂದ ಸಿಮೆಂಟಾದರೆ ಕೊನೆಯ ಮೂಟೆಗಳು ಮಾರಾಟವಾಗುವ ಮೊದಲೇ ಗಡುವು ಮುಗಿದಿರುತ್ತದೆ. ಅದೇ 200 ಮೂಟೆಯ ಲೋಡು 25 ವ್ಯಾಪಾರದ ದಿನಗಳಲ್ಲಿ, ಸುಮಾರು ಒಂದು ತಿಂಗಳಲ್ಲಿ ಖಾಲಿ. ಲೋಡು ಇಳಿಸಿಕೊಳ್ಳುವಾಗ ವಾರದ ಅಂಕಿ ನೋಡಿ, ಹಳತಿದ್ದರೆ ಅಲ್ಲೇ ವಾಪಸ್ ಕಳಿಸಿ.

ಬೆಲೆ ಏರುತ್ತದೆ ಎಂದು ತುಂಬಿಟ್ಟುಕೊಳ್ಳುವವರು ಬೆಲೆ ಇಳಿಯುವುದನ್ನೂ ನೆನಪಿಟ್ಟುಕೊಳ್ಳಬೇಕು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಹಳೆಯ ತೆರಿಗೆ ಕಟ್ಟಿ ತಂದ ಮಾಲನ್ನು ಹೊಸ ದರದ ಮಾಲಿನ ಪಕ್ಕದಲ್ಲಿಟ್ಟು ಮಾರಬೇಕಾಗಿ ಬಂದಾಗ, ಒಂದು ತಿಂಗಳ ಸ್ಟಾಕು ಇದ್ದವನ ತಲೆನೋವಿಗೂ ಮೂರು ತಿಂಗಳದ್ದು ಇದ್ದವನದಕ್ಕೂ ಬಹಳ ವ್ಯತ್ಯಾಸವಿತ್ತು.

ಎಷ್ಟು ಎಂಬುದು ತೀರಿತು, ಇನ್ನು ಯಾವಾಗ. ಫೋನು ಮಾಡಿದ ಹೊತ್ತಿನಿಂದ ಲಾರಿ ಬಂದು ಇಳಿಸುವವರೆಗೆ ಎಷ್ಟು ದಿನ ಹಿಡಿಯುತ್ತದೆ ಎಂಬುದು ಇಲ್ಲಿನ ಮುಖ್ಯ ಅಂಕಿ. ನಮ್ಮ ಅಂಗಡಿಗೆ ಸಾಮಾನ್ಯವಾಗಿ 3 ದಿನ, ಹಬ್ಬವೋ ಗಾಡಿ ಸಿಗದ್ದೋ ಆದರೆ 5 ದಿನ. ದಿನಕ್ಕೆ 8ರಂತೆ 3 ದಿನಕ್ಕೆ 24 ಮೂಟೆ ಹೋಗುತ್ತದೆ. 24 ಉಳಿದಾಗ ಫೋನು ಮಾಡಿದರೆ, ಎಲ್ಲವೂ ಸರಾಸರಿಯಂತೆ ನಡೆದ ಸಲ ಲಾರಿ ಬರುವ ಹೊತ್ತಿಗೆ ಸರಿಯಾಗಿ ಖಾಲಿ. ಆದರೆ ವ್ಯಾಪಾರ ಜೋರಾದ ಅಥವಾ ಲಾರಿ ತಡವಾದ ಸಲವೆಲ್ಲ ಗಿರಾಕಿ ಬರಿಗೈಲಿ ವಾಪಸ್. ಆದ್ದರಿಂದ ಸರಾಸರಿಯ ಮೇಲೆ ಒಂದಿಷ್ಟು ಕಾಪು ಸ್ಟಾಕು ಬೇಕು.

ಪಠ್ಯಪುಸ್ತಕದ ದಾರಿ ಅತಿ ಹೆಚ್ಚಿನ ದಿನದ ಮಾರಾಟವನ್ನು ಅತಿ ತಡವಾದ ದಿನಗಳಿಂದ ಗುಣಿಸುವುದು. ಅತಿ ಹೆಚ್ಚು ಎಂದರೆ ದಿನಕ್ಕೆ 14, ಅತಿ ತಡ 5 ದಿನ, ಉತ್ತರ 70. ಇದು ಎಂದೂ ತಪ್ಪದ ಉತ್ತರ, ಆದರೆ ದುಬಾರಿ. ಲಾರಿ ತಡವಾದ ಐದೂ ದಿನ ದಿನಕ್ಕೆ 14 ಮೂಟೆ ಹೋಗುವುದು ತೀರಾ ಅಪರೂಪ. ನನಗೆ ಇದಕ್ಕಿಂತ ನಂಬಿಕೆ ಇರುವುದು ಅಂಗಡಿಯ ಸ್ವಂತ ಅನುಭವದ ಲೆಕ್ಕದ ಮೇಲೆ. ಕಳೆದ ವರ್ಷದ 12 ಲೋಡುಗಳಲ್ಲಿ ಪ್ರತಿಯೊಂದಕ್ಕೂ ಫೋನು ಮಾಡಿದ ದಿನದಿಂದ ಮಾಲು ಬಂದ ದಿನದವರೆಗೆ ಎಷ್ಟು ಮೂಟೆ ಮಾರಿದೆವು ಎಂದು ಬರೆಯಿರಿ. ನಮ್ಮ ಅಂಗಡಿಯ ಪಟ್ಟಿ ಹೀಗಿದೆ ಎನ್ನೋಣ: 31, 28, 41, 26, 34, 29, 14, 17, 22, 25, 19, 27. ಸರಾಸರಿ 26. ಒಂದೇ ಒಂದು ಸಲ 41 ಮುಟ್ಟಿದೆ, ಅದರ ಕೆಳಗಿನದು 34. ಮಾರಾಟ ಮತ್ತು ತಡ ಎರಡೂ ಈ ಒಂದೇ ಅಂಕಿಯಲ್ಲಿ ಅಡಗಿವೆ.

ನನ್ನ ತೀರ್ಮಾನ 50. ಕಂಡ ಅತಿ ಹೆಚ್ಚಿನ ಸಲಕ್ಕಿಂತ ಒಂದು ದಿನದ ವ್ಯಾಪಾರದಷ್ಟು ಮೇಲೆ. ಇದರಲ್ಲಿ 24 ಸಾಮಾನ್ಯ ಮಾರಾಟಕ್ಕೆ, 26 ಕಾಪಿಗೆ. ಆ 26 ಮೂಟೆಯನ್ನು ವರ್ಷವಿಡೀ ಕಾಯ್ದಿಡಲು 2,340 ರೂಪಾಯಿ ಬೀಳುತ್ತದೆ. 70 ಎಂದಿಟ್ಟಿದ್ದರೆ 4,140 ಆಗುತ್ತಿತ್ತು. ಕಾಪು ಸ್ಟಾಕಿನ ಖರ್ಚನ್ನು ಸಿಮೆಂಟಿನ ಲಾಭವೊಂದಕ್ಕೇ ಹೋಲಿಸಿ ನೋಡಬಾರದು. ಸಿಮೆಂಟ್ ಇಲ್ಲವೆಂದು ಮೇಸ್ತ್ರಿ ಪಕ್ಕದೂರಿಗೆ ಹೋದರೆ ಬೈಂಡಿಂಗ್ ವೈರು, ಮೊಳೆ, ಪೈಪು ಎಲ್ಲವನ್ನೂ ಅಲ್ಲೇ ಕೊಳ್ಳುತ್ತಾನೆ.

50 ಎಂಬುದಕ್ಕೆ ಇನ್ನೊಂದು ಅನುಕೂಲವಿದೆ. ಸಿಮೆಂಟನ್ನು ಹತ್ತು ಮೂಟೆಗಿಂತ ಎತ್ತರ ಒಟ್ಟಬಾರದು. ಹೆಚ್ಚು ಎತ್ತರವಾದರೆ ಭಾರಕ್ಕೆ ಕೆಳಗಿನ ಮೂಟೆ ಗಂಟುಕಟ್ಟುತ್ತದೆ. ನೆಲಕ್ಕೆ ಹಲಗೆ ಹಾಕಿ, ಗೋಡೆಗೆ ತಾಗದಂತೆ ಹತ್ತು ಹತ್ತರ ಅಟ್ಟಿ ಒಟ್ಟಿದರೆ 50 ಎಂದರೆ ಐದು ಅಟ್ಟಿ. ಆರನೆಯ ಅಟ್ಟಿಯ ಕೊನೆಯ ಮೂಟೆ ಎತ್ತಿದವನೇ, ಮಾಲೀಕನಾಗಲಿ ಹುಡುಗನಾಗಲಿ, ಫೋನು ಮಾಡಬೇಕು. ಪುಸ್ತಕ ತೆರೆಯಬೇಕಿಲ್ಲ. ಆದರೆ ಹೊಸ ಲೋಡು ಬಂದಾಗ ಉಳಿದ ಹಳೆಯ ಮೂಟೆಗಳ ಮುಂದೆಯೋ ಮೇಲೆಯೋ ಹಾಕಿಬಿಟ್ಟರೆ ಅವೇ ಇಪ್ಪತ್ತಾರು ಮೂಟೆ ವರ್ಷವಿಡೀ ಮೂಲೆಯಲ್ಲಿ ಕೂತು ಕಲ್ಲಾಗುತ್ತವೆ. ಹೊಸದನ್ನು ಬೇರೆ ಬದಿಗೆ ಒಟ್ಟಿ, ಅಟ್ಟಿಯ ಮೇಲೆ ಸೀಮೆಸುಣ್ಣದಲ್ಲಿ ವಾರ ಬರೆದು, ಹಳೆಯದನ್ನು ಮೊದಲು ಕೊಡಬೇಕು.

ಎಣಿಸುವಾಗ ಇನ್ನೊಂದು ಎಚ್ಚರ. "ದುಡ್ಡು ತಗೊಳ್ಳಣ್ಣ, ಮೂಟೆ ಇಲ್ಲೇ ಇರಲಿ, ಸೋಮವಾರ ಟ್ರ್ಯಾಕ್ಟರ್ ಕಳಿಸ್ತೀನಿ" ಎಂದು ಹೋದವರ ಮೂಟೆಗಳು ಕಣ್ಣಿಗೆ ಕಂಡರೂ ನಿಮ್ಮವಲ್ಲ. ಅವನ್ನು ಕಳೆದು, ಹೇಳಿಟ್ಟು ಇನ್ನೂ ಬಾರದ ಲೋಡು ಇದ್ದರೆ ಅದನ್ನು ಕೂಡಿ, ಆಮೇಲೆ 50ರೊಂದಿಗೆ ಹೋಲಿಸಿ. ಮಾರಿದ ಮೂಟೆಗಳನ್ನು ಬೇರೆ ಕಡೆ ಒಟ್ಟಿಬಿಟ್ಟರೆ ಐದು ಅಟ್ಟಿಯ ಗುರುತು ಕೆಡುವುದಿಲ್ಲ.

ಈ ಎರಡು ಅಂಕಿಗಳು ವರ್ಷವಿಡೀ ಒಂದೇ ಇರುವುದಿಲ್ಲ, ಎರಡೂ ಒಂದೇ ರೀತಿ ಬದಲಾಗುವುದೂ ಇಲ್ಲ. ನಮ್ಮ ಅಂಗಡಿಯಲ್ಲಿ ಜನವರಿಯಿಂದ ಮೇವರೆಗೆ ದಿನಕ್ಕೆ 10 ಮೂಟೆ, ಮಳೆ ಮತ್ತು ಆಷಾಢದ ಮೂರು ತಿಂಗಳು 5, ಉಳಿದಂತೆ 8 ಎನ್ನಿ. ತರಿಸುವ ಪ್ರಮಾಣ ವರ್ಗಮೂಲದಿಂದ ಬರುವುದರಿಂದ ಮಾರಾಟ ಅರ್ಧವಾದರೂ ಅದು ಅರ್ಧವಾಗುವುದಿಲ್ಲ, ಹತ್ತಕ್ಕೆ ಏಳರಷ್ಟಾಗುತ್ತದೆ. ಲಾರಿಯ 200 ಹೆಚ್ಚುಕಡಿಮೆ ಹಾಗೇ ನಡೆಯುತ್ತದೆ. ಫೋನು ಮಾಡುವ ಮಟ್ಟ ಮಾತ್ರ ಮಾರಾಟದ ಜೊತೆಗೇ ಏರಿ ಇಳಿಯುತ್ತದೆ. ಜೂನ್ ಬಂದ ಕೂಡಲೇ ಐದು ಅಟ್ಟಿಯನ್ನು ಮೂರಕ್ಕೆ ಇಳಿಸಿ, ಕೆಲಸ ಮತ್ತೆ ಶುರುವಾದಾಗ ಐದಕ್ಕೆ ಏರಿಸಿ. ತೇವದ ತಿಂಗಳಲ್ಲಿ ಹೆಚ್ಚು ಮೂಟೆ ಕೂರುವುದೂ ತಪ್ಪುತ್ತದೆ.

ಇಟ್ಟ ಮಟ್ಟ ಸರಿಯೋ ಎಂದು ತಿಳಿಯಲು ಒಂದೇ ಅಂಕಿ ಸಾಕು: ಹೊಸ ಲಾರಿ ಬಂದು ನಿಂತಾಗ ಅಂಗಡಿಯಲ್ಲಿ ಎಷ್ಟು ಮೂಟೆ ಉಳಿದಿತ್ತು? ಪ್ರತಿ ಸಲವೂ 40ರ ಹತ್ತಿರ ಉಳಿದಿದ್ದರೆ ಬೇಗ ಫೋನು ಮಾಡುತ್ತಿದ್ದೀರಿ. ವರ್ಷದಲ್ಲಿ ಎರಡು ಸಲ ಸೊನ್ನೆ ಕಂಡಿದ್ದರೆ ತಡ ಮಾಡುತ್ತಿದ್ದೀರಿ, ಒಂದು ಅಟ್ಟಿ ಏರಿಸಿ. ಕೆಳಗಿನ ಮೂಟೆಯಲ್ಲಿ ಬೆರಳಿಗೆ ಪುಡಿಯಾಗದ ಗಂಟು ಸಿಕ್ಕಿದರೆ ತೇವವೋ ಹಳೆಯ ಮಾಲೋ ಸೇರಿದೆ, ಅಂಥದ್ದನ್ನು ತಾರಸಿಗೆ ಕೊಡಬೇಡಿ.

ಮುಂದಿನ ಲೋಡಿನಿಂದಲೇ ನೋಟ್‌ಬುಕ್ಕಿನಲ್ಲಿ ಒಂದು ಪುಟ ಮೀಸಲಿಡಿ. ಫೋನು ಮಾಡಿದ ದಿನ, ಮಾಲು ಬಂದ ದಿನ, ನಡುವೆ ಮಾರಿದ ಮೂಟೆ, ಬಂದಾಗ ಉಳಿದದ್ದು, ಈ ನಾಲ್ಕನ್ನು ಬರೆಯುತ್ತ ಹೋಗಿ. ಹನ್ನೆರಡು ಸಾಲು ತುಂಬಿದ ದಿನ ನಿಮ್ಮ ಅಂಗಡಿಯ ಮಟ್ಟ ಐದು ಅಟ್ಟಿಯೋ ನಾಲ್ಕೋ ಎಂಬುದು ಆ ಪುಟದಲ್ಲೇ ಸಿಗುತ್ತದೆ.